ಮಗ್ಗುಲಲ್ಲಿ ಒಂದೂವರೆ ಇಂಚು, ಕೈಯಲ್ಲಿ ಮೂವತ್ತು ಸೆಕೆಂಡು

ಬಡಾವಣೆಯ ಟೈಲರ್ ಅಂಗಡಿಯವರು ಮೊದಲ ಸಲ ಪ್ರಚಾರದ ವಿಡಿಯೊ ಮಾಡಲು ಕೂತರೆ ಹಾಳೆಯ ಮೇಲೆ ಇಳಿಯುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ: 'ನಮಸ್ಕಾರ ಸ್ನೇಹಿತರೇ, ನಮ್ಮಲ್ಲಿ ಬ್ಲೌಸ್, ಚೂಡಿದಾರ್, ಲಂಗ-ದಾವಣಿ, ಮಕ್ಕಳ ಡ್ರೆಸ್, ಸ್ಕೂಲ್ ಯೂನಿಫಾರ್ಮ್ ಹೊಲಿದು ಕೊಡಲಾಗುತ್ತದೆ. ಸೀರೆಗೆ ಫಾಲ್, ಪಿಕೋ, ಕುಚ್ಚು ಹಾಕಿಕೊಡಲಾಗುತ್ತದೆ. ಉತ್ತಮ ಗುಣಮಟ್ಟ, ಕಡಿಮೆ ದರ, ಹೇಳಿದ ಸಮಯಕ್ಕೆ ಡೆಲಿವರಿ. ಒಮ್ಮೆ ಭೇಟಿ ಕೊಡಿ.' ಆಮೇಲೆ ಹತ್ತು ಅಂಕಿಯ ಫೋನ್ ನಂಬರು.

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇದು ಬಾಗಿಲ ಮೇಲಿನ ಬೋರ್ಡನ್ನು ಗಟ್ಟಿಯಾಗಿ ಓದಿದ ಹಾಗಾಯಿತು. ಪಕ್ಕದ ಬೀದಿಯ ಟೈಲರ್ ಕೂಡ ಇದನ್ನೇ, ಇದೇ ಕ್ರಮದಲ್ಲಿ ಹೇಳಬಲ್ಲರು. ನೋಡುವ ಹೆಂಗಸಿಗೆ ಬೇಕಾದದ್ದು ಪಟ್ಟಿಯಲ್ಲ. ಟೈಲರ್ ಅಂದರೆ ಬ್ಲೌಸ್ ಹೊಲಿಯುತ್ತಾರೆ ಎಂದು ಅವರಿಗೆ ಗೊತ್ತೇ ಇದೆ. ಗೊತ್ತಿಲ್ಲದ್ದು ಒಂದೇ: ಎರಡು ಸಾವಿರದ ಸೀರೆಯ ಬ್ಲೌಸ್ ಪೀಸನ್ನು ಈ ಕೈಗೆ ನಂಬಿ ಕೊಡಬಹುದೇ ಎಂಬುದು.

ತುಮಕೂರಿನಂಥ ಊರಿನಲ್ಲಿ ಒಬ್ಬ ಹೆಣ್ಣುಮಗಳು ಒಂಟಿಯಾಗಿ ನಡೆಸುವ ಅಂಗಡಿಯೊಂದನ್ನು ಕಣ್ಣೆದುರು ಇಟ್ಟುಕೊಳ್ಳೋಣ. ಒಂದು ಮೋಟಾರ್ ಮೆಷಿನ್, ಒಂದು ಕಟಿಂಗ್ ಟೇಬಲ್, ಗೋಡೆ ತುಂಬ ಹ್ಯಾಂಗರ್. ದಿನಕ್ಕೆ ಮೂರೋ ನಾಲ್ಕೋ ಲೈನಿಂಗ್ ಬ್ಲೌಸ್ ಮುಗಿದರೆ ಹೆಚ್ಚು. ಇವರಿಗೆ ಊರೆಲ್ಲ ನೋಡುವ ವಿಡಿಯೊ ಬೇಕಾಗಿಲ್ಲ. ಸುತ್ತಲಿನ ಎಂಟು ಹತ್ತು ಬೀದಿಯವರು ವಾಟ್ಸಾಪ್ ಸ್ಟೇಟಸ್‌ನಲ್ಲಿ ನೋಡಿ, ಅಕ್ಕತಂಗಿಯರಿಗೆ ಕಳಿಸಿದರೆ ಸಾಕು. ಆ ಸ್ಟೇಟಸ್ ಬಹುಕಾಲ 30 ಸೆಕೆಂಡ್ ದಾಟಿದ ವಿಡಿಯೊವನ್ನು ತೆಗೆದುಕೊಳ್ಳುತ್ತಿರಲಿಲ್ಲ. 2024ರಲ್ಲಿ ಆ ಮಿತಿ ಸಡಿಲವಾಯಿತು. ಹಾಗಿದ್ದರೂ ಮೊದಲ ವಿಡಿಯೊಗೆ 30 ಸೆಕೆಂಡೇ ಒಳ್ಳೆಯ ಅಳತೆ ಎಂದು ನನಗನ್ನಿಸುತ್ತದೆ, ಏಕೆಂದರೆ ಅದು ಒಂದೇ ಮಾತು ಆರಿಸಿಕೊಳ್ಳುವಂತೆ ಒತ್ತಾಯ ಮಾಡುತ್ತದೆ.

ಎಷ್ಟು ಮಾತು ಹಿಡಿಯುತ್ತದೆ ಎಂಬುದನ್ನು ಮೊದಲು ಲೆಕ್ಕ ಹಾಕಬೇಕು. ಎದುರಿಗಿರುವವರಿಗೆ ಅರ್ಥವಾಗುವ ಹಾಗೆ ಕನ್ನಡದಲ್ಲಿ ಮಾತಾಡಿದರೆ ಸೆಕೆಂಡಿಗೆ ಎರಡು ಪದ ಸಾಗುವುದೂ ಕಷ್ಟ, ನಮ್ಮ ಪದಗಳು ಪ್ರತ್ಯಯ ಕಟ್ಟಿಕೊಂಡು ಉದ್ದವಾಗುತ್ತವೆ. ನಡುವೆ ನಾಲ್ಕೈದು ಸೆಕೆಂಡ್ ಮಾತಿಲ್ಲದೆ ಕೆಲಸವನ್ನಷ್ಟೇ ತೋರಿಸಬೇಕು. ಉಳಿದದ್ದಕ್ಕೆ ಸುಮಾರು 45 ಪದ, ಅಷ್ಟೇ. ಫೋನ್ ನಂಬರನ್ನು ಬಾಯಲ್ಲಿ ಹೇಳಿದರೆ ಐದಾರು ಸೆಕೆಂಡ್ ಹೋಗುತ್ತದೆ, ಕೇಳಿದವರು ಯಾರೂ ಬರೆದುಕೊಳ್ಳುವುದಿಲ್ಲ. ಅದು ಪರದೆಯ ಮೇಲೆ ಅಕ್ಷರದಲ್ಲಿ ಇರಲಿ. ದರವನ್ನಂತೂ ವಿಡಿಯೊ ಒಳಗೆ ಹಾಕಲೇಬಾರದು. ವಿಡಿಯೊ ಒಬ್ಬರಿಂದ ಒಬ್ಬರಿಗೆ ವರ್ಷಗಟ್ಟಲೆ ಓಡಾಡುತ್ತಿರುತ್ತದೆ. ಲೈನಿಂಗ್ ಬಟ್ಟೆಯ ಬೆಲೆ ಏರಿದ ಮೇಲೂ ಹಳೆಯ ದರ ತೋರಿಸಿ ಜಗಳಕ್ಕೆ ಬರುವವರು ಇದ್ದೇ ಇರುತ್ತಾರೆ.

ಹಾಗಾದರೆ ಆ ಒಂದು ಮಾತು ಯಾವುದು? ಅದನ್ನು ಹುಡುಕಬೇಕಾದ ಜಾಗ ಗಿರಾಕಿಗಳ ದೂರು. ತೋಳು ಬಿಗಿ, ಕಂಕುಳ ಹತ್ತಿರ ಸುಕ್ಕು, ಹೇಳಿದ ದಿನ ಕೊಡಲಿಲ್ಲ, ಒಗೆದ ಮೇಲೆ ಲೈನಿಂಗ್ ಕುಗ್ಗಿತು. ಇವುಗಳಲ್ಲಿ ಮೂವತ್ತು ಸೆಕೆಂಡಿನಲ್ಲಿ ಕಣ್ಣಿಗೆ ಕಾಣುವಂತೆ ತೋರಿಸಲು ಆಗುವಂಥದ್ದನ್ನು ಆರಿಸಬೇಕು. ಹೇಳಿದ ದಿನ ಕೊಡುತ್ತೇನೆ ಎಂಬುದನ್ನು ತೋರಿಸಲು ಬರುವುದಿಲ್ಲ, ಹೇಳಬಹುದು ಅಷ್ಟೆ. ಲೈನಿಂಗನ್ನು ಕತ್ತರಿಸುವ ಮೊದಲು ನೆನೆಸಿ ಒಣಗಿಸುವುದನ್ನು ತೋರಿಸಬಹುದು, ಆದರೆ ಅದರ ಫಲ ಕಾಣುವುದು ತಿಂಗಳಾದ ಮೇಲೆ. ನಾನಾದರೆ ಬ್ಲೌಸನ್ನು ಒಳಮೈ ಹೊರಗೆ ತಿರುಗಿಸಿ ಮಾರ್ಜಿನ್ ತೋರಿಸುತ್ತೇನೆ.

ಹೊಲಿಗೆ ಗೊತ್ತಿಲ್ಲದವರಿಗೆ ಒಂದು ಮಾತು. ಬ್ಲೌಸಿನ ಮಗ್ಗುಲಲ್ಲಿ, ಕಂಕುಳಿಂದ ಸೊಂಟದವರೆಗೆ, ಹೊಲಿಗೆಯ ಆಚೆ ಉಳಿಸುವ ಹೆಚ್ಚುವರಿ ಬಟ್ಟೆಯೇ ಮಾರ್ಜಿನ್. ಬಟ್ಟೆ ಉಳಿಸಬೇಕೆಂದು ಅರ್ಧ ಇಂಚು ಬಿಟ್ಟು ಮುಗಿಸುವವರಿದ್ದಾರೆ. ಒಳ್ಳೆಯ ಕೈಯವರು ಒಂದೂವರೆ ಇಂಚು ಬಿಟ್ಟು, ಕಾಲು ಇಂಚಿನ ಅಂತರದಲ್ಲಿ ಎರಡು ಮೂರು ಸಾಲು ಹೊಲಿಗೆ ಹಾಕಿರುತ್ತಾರೆ. ಮೈಗೆ ಹತ್ತಿರದ ಸಾಲನ್ನು ಬಿಚ್ಚಿದರೆ ಅದರ ಹಿಂದಿನ ಸಾಲು ಹಿಡಿದುಕೊಳ್ಳುತ್ತದೆ. ಕಾಲು ಇಂಚು ಅಂದರೂ ಮುಂದಿನ ತುಂಡು, ಹಿಂದಿನ ತುಂಡು ಎರಡೂ ಸೇರಿ ಆ ಪಕ್ಕಕ್ಕೆ ಅರ್ಧ ಇಂಚು. ಎರಡೂ ಪಕ್ಕ ಬಿಚ್ಚಿದರೆ ಸುತ್ತಳತೆ ಪೂರ್ತಿ ಒಂದು ಇಂಚು ಸಡಿಲವಾಗುತ್ತದೆ. ಹೆರಿಗೆಯಾದವರು, ಮೈ ಬಂದವರು, ಅಮ್ಮನ ಬ್ಲೌಸ್ ತೊಡಬೇಕೆನ್ನುವ ಮಗಳು, ಎಲ್ಲರಿಗೂ ಇದರ ಬೆಲೆ ತಕ್ಷಣ ತಿಳಿಯುತ್ತದೆ. ಹೊರಗಿನಿಂದ ನೋಡಿದರೆ ಕಾಣದ ಕೆಲಸ ಇದು, ಕ್ಯಾಮೆರಾ ತೋರಿಸಬೇಕಾದದ್ದು ಇಂಥದ್ದನ್ನೇ.

ಇನ್ನು ಸ್ಕ್ರಿಪ್ಟ್. ಹಾಳೆಯ ನಡುವೆ ಒಂದು ಗೆರೆ ಎಳೆದು, ಎಡಕ್ಕೆ ಕಾಣುವುದು, ಬಲಕ್ಕೆ ಕೇಳುವುದು ಎಂದು ಬರೆದುಕೊಳ್ಳುವುದು ವಾಡಿಕೆ. ಇಲ್ಲಿ ಒಂದರ ಕೆಳಗೊಂದು ಕೊಡುತ್ತೇನೆ.

0–4 ಸೆಕೆಂಡ್. ಟೇಬಲ್ ಮೇಲೆ ಒಂದು ತಿಳಿಬಣ್ಣದ ಬ್ಲೌಸ್. ಎರಡು ಕೈ ಅದರ ಹುಕ್ಕುಗಳನ್ನು ಎಳೆದು ತೋರಿಸುತ್ತವೆ. ಮಾತು: 'ಹೋದ ವರ್ಷದ ಬ್ಲೌಸು ಈ ವರ್ಷ ಬಿಗಿಯಾಯ್ತಾ?'

4–11 ಸೆಕೆಂಡ್. ಕೈಗಳು ಬ್ಲೌಸನ್ನು ತಿರುವುತ್ತವೆ. ಹತ್ತಿರದಿಂದ ಮಗ್ಗುಲು, ಅದರ ಮೇಲೆ ಟೇಪು, ಒಂದೂವರೆಯ ಗೆರೆ ಸ್ಪಷ್ಟ. ಮಾತು: 'ಒಳಗಡೆ ಬಟ್ಟೆ ಬಿಟ್ಟಿದ್ರೆ ತಾನೇ ಬಿಚ್ಚೋಕಾಗೋದು? ನಾನು ಎರಡೂ ಪಕ್ಕ ಒಂದೂವರೆ ಇಂಚು ಬಿಟ್ಟೇ ಹೊಲಿಯೋದು.'

11–18 ಸೆಕೆಂಡ್. ಸಾಲು ಹೊಲಿಗೆಯ ಮೇಲೆ ಬೆರಳು. ಒಂದು ಸಾಲಿನ ದಾರ ಬಿಚ್ಚಿಕೊಳ್ಳುತ್ತದೆ. ಮಾತು: 'ಮೂರು ಸಾಲು ಹೊಲಿಗೆ ಇರುತ್ತೆ. ಎರಡೂ ಕಡೆ ಒಂದೊಂದು ಸಾಲು ಬಿಚ್ಚಿದ್ರೆ ಒಂದು ಇಂಚು ಸಡಿಲ.'

18–22 ಸೆಕೆಂಡ್. ಮಾತಿಲ್ಲ. ಅದೇ ಬ್ಲೌಸನ್ನು ಸರಿಮೈಗೆ ತಿರುಗಿಸಿ ಇಸ್ತ್ರಿ ಮಾಡುವುದು.

22–26 ಸೆಕೆಂಡ್. ಮೊದಲ ಸಲ ಮುಖ ಕಾಣುತ್ತದೆ, ಕೊರಳಲ್ಲಿ ಟೇಪು. ಮಾತು: 'ನಾನು ಹೊಲಿದ ಬ್ಲೌಸಿಗೆ ಈ ಕೆಲಸಕ್ಕೆ ದುಡ್ಡು ತಗೊಳ್ಳಲ್ಲ.'

26–30 ಸೆಕೆಂಡ್. ರಸ್ತೆಯಿಂದ ಕಂಡಂತೆ ಅಂಗಡಿ, ಮೇಲೆ ಹೆಸರು ಮತ್ತು ನಂಬರು. ಮಾತು: 'ಗಣಪತಿ ಗುಡಿ ಹಿಂದಿನ ರಸ್ತೆ, ಹಾಲಿನ ಬೂತ್ ಪಕ್ಕ.'

ಒಟ್ಟು 44 ಪದ. ನಮಸ್ಕಾರ ಇಲ್ಲದಿರುವುದು ಒರಟುತನ ಅನ್ನಿಸಬಹುದು, ಆದರೆ ಸ್ಟೇಟಸ್ ನೋಡುವ ಬೆರಳು ನಮಸ್ಕಾರ ಮುಗಿಯುವಷ್ಟರಲ್ಲಿ ಮುಂದಿನದಕ್ಕೆ ಹೋಗಿರುತ್ತದೆ. ಮಾತು ಆಡುವ ಧಾಟಿಯಲ್ಲೇ ಇರಲಿ. 'ಹೊಲಿದು ಕೊಡಲಾಗುತ್ತದೆ' ಎಂದರೆ ಯಾರು ಕೊಡುವವರು ಎಂದೇ ತಿಳಿಯುವುದಿಲ್ಲ. 'ನಾನು' ಎಂದಾಗ ಜವಾಬ್ದಾರಿ ಒಬ್ಬರ ಮೇಲೆ ಬಂತು. ವಿಳಾಸಕ್ಕೆ ಕ್ರಾಸ್, ಮೇನ್ ನಂಬರುಗಳಿಗಿಂತ ಬಡಾವಣೆಯವರು ದಾರಿ ಹೇಳುವ ಗುರುತುಗಳೇ ಬೇಗ ತಲುಪುತ್ತವೆ.

ದುಡ್ಡು ತಗೊಳ್ಳಲ್ಲ ಎಂಬ ಸಾಲನ್ನು ಬರೆಯುವ ಮೊದಲು ಮಾತ್ರ ಎರಡು ಸಲ ಯೋಚಿಸಬೇಕು. ಸಾಲು ಬಿಚ್ಚಲು ಹತ್ತು ಹದಿನೈದು ನಿಮಿಷ ಸಾಕು, ಹಬ್ಬದ ವಾರದಲ್ಲಿ ಅಂಥ ಆರು ಬ್ಲೌಸ್ ಬಂದರೆ ಒಂದು ಹೊಸ ಬ್ಲೌಸಿನ ಹೊತ್ತು ಹೋಯಿತು. ಅದಕ್ಕೇ ಸಾಲಿನಲ್ಲಿ 'ನಾನು ಹೊಲಿದ' ಎಂದಿರುವುದು. ಬೇರೆಯವರು ಹೊಲಿದದ್ದಕ್ಕೆ ದುಡ್ಡು ಕೇಳಬಹುದು, ಒಳಗೆ ಬಟ್ಟೆಯೇ ಇಲ್ಲದಿದ್ದರೆ ಆಗುವುದಿಲ್ಲ ಎನ್ನಲೂಬಹುದು. ಇನ್ನೊಂದು ಮಿತಿಯೂ ಇದೆ. ರೇಷ್ಮೆ, ಟಿಶ್ಯೂ, ಸಾಟಿನ್ ಬಟ್ಟೆಗಳಲ್ಲಿ ಬಿಚ್ಚಿದ ಸಾಲಿನ ಸೂಜಿ ತೂತು ಉಳಿದುಬಿಡುತ್ತದೆ. ಮಗ್ಗುಲು ಬಿಚ್ಚಿದರೆ ಎದೆ ಸುತ್ತಳತೆ ಸಡಿಲವಾಗುತ್ತದೆ, ಕೊರಳು, ಭುಜ, ಟಕ್ಸ್ ಇದ್ದಲ್ಲೇ ಇರುತ್ತವೆ. ಇದನ್ನೆಲ್ಲ ವಿಡಿಯೊದಲ್ಲಿ ತುರುಕಲಾಗದು. ಬಂದವರಿಗೆ ಬ್ಲೌಸ್ ಕೈಗೆ ತೆಗೆದುಕೊಂಡ ಕೂಡಲೇ ಹೇಳಬೇಕು.

ಚಿತ್ರೀಕರಣದಲ್ಲಿ ಕೆಡುವುದು ಹೆಚ್ಚಾಗಿ ಸಣ್ಣ ವಿಷಯಗಳಿಂದ. ಕಪ್ಪು ಬ್ಲೌಸ್, ಕಪ್ಪು ದಾರ ಆದರೆ ಸಾಲು ಹೊಲಿಗೆ ಫೋನಿಗೆ ಕಾಣುವುದೇ ಇಲ್ಲ. ತಿಳಿಬಣ್ಣದ ಲೈನಿಂಗ್, ಅದಕ್ಕಿಂತ ತುಸು ಗಾಢವಾದ ದಾರ ಇರುವುದನ್ನು ಆರಿಸಿ. ಟ್ಯೂಬ್‌ಲೈಟಿನಡಿ ತೆಗೆದರೆ ಕೆಲವು ಫೋನುಗಳಲ್ಲಿ ಪರದೆ ಮೇಲೆ ಪಟ್ಟಿಗಳು ಓಡುತ್ತವೆ. ಲೈಟ್ ಆರಿಸಿ, ಟೇಬಲನ್ನು ಬಾಗಿಲ ಕಡೆ ಎಳೆದುಕೊಂಡು ಬೆಳಗಿನ ಹೊತ್ತು ತೆಗೆದರೆ ಆ ತೊಂದರೆ ಇಲ್ಲ, ಬಣ್ಣವೂ ನಿಜಕ್ಕೆ ಹತ್ತಿರ ಬರುತ್ತದೆ. ಹೊಲಿಗೆ ಬಿಚ್ಚುವ ದೃಶ್ಯವನ್ನು ಕೊನೆಗೆ ತೆಗೆಯಬೇಕು, ಬಿಚ್ಚಿದ್ದನ್ನು ಮತ್ತೆ ಹೊಲಿದರೆ ಮೊದಲಿನಂತೆ ಕಾಣುವುದಿಲ್ಲ. ಫೋನನ್ನು ನೆಟ್ಟಗೆ ಹಿಡಿಯಿರಿ. ಬರಹವನ್ನು ಪರದೆಯ ಕೆಳಗಿನ ಕಾಲುಭಾಗಕ್ಕೆ ಹಾಕಬೇಡಿ, ಅಲ್ಲಿ ಆ್ಯಪ್‌ಗಳ ಗುಂಡಿ, ಹೆಸರು ಬಂದು ಕೂರುತ್ತವೆ.

ಧ್ವನಿಯನ್ನು ಬೇರೆಯಾಗಿಯೇ ರೆಕಾರ್ಡ್ ಮಾಡಿ ಆಮೇಲೆ ಜೋಡಿಸುವುದು ಸುಲಭ. ಟೈಲರ್ ಅಂಗಡಿಗೆ ಇಲ್ಲೊಂದು ಅನುಕೂಲವಿದೆ: ನೇತುಹಾಕಿದ ಬಟ್ಟೆಗಳು ಗೋಡೆಯ ಮಾರ್ದನಿಯನ್ನು ಹೀರಿಕೊಳ್ಳುತ್ತವೆ. ಫ್ಯಾನ್ ಆರಿಸಿ, ಹ್ಯಾಂಗರುಗಳ ಮಧ್ಯೆ ನಿಂತು, ಬಾಯಿಂದ ಒಂದು ಗೇಣು ದೂರದಲ್ಲಿ ಫೋನ್ ಹಿಡಿದರೆ ಸಾಕು. ಹಿನ್ನೆಲೆಗೆ ಸಿನಿಮಾ ಹಾಡು ಹಾಕುವ ಆಸೆ ಬಿಡಬೇಕು. ಹಾಡಿನ ಹಕ್ಕು ಆಡಿಯೊ ಕಂಪನಿಯದ್ದು, ವ್ಯಾಪಾರದ ಪ್ರಚಾರಕ್ಕೆ ಬಳಸಿದರೆ ಧ್ವನಿಯನ್ನೇ ಅಳಿಸಿಬಿಡುವುದುಂಟು. ಹದಿನೆಂಟನೇ ಸೆಕೆಂಡಿನ ಮೌನಕ್ಕೆ ಮೆಷಿನ್ನಿನ ಸದ್ದನ್ನೇ ರೆಕಾರ್ಡ್ ಮಾಡಿ ಹಾಕಿ. ಬಹಳ ಜನ ಸದ್ದು ಮುಚ್ಚಿಯೇ ನೋಡುವುದರಿಂದ ಪ್ರತಿ ಮಾತನ್ನೂ ದಪ್ಪ ಅಕ್ಷರದಲ್ಲಿ ಬರೆದು ತೋರಿಸಬೇಕು. ಹಾಗೆ ಬರೆದಾಗ ಒಂದು ಸಲಕ್ಕೆ ನಾಲ್ಕೈದು ಪದಕ್ಕಿಂತ ಹೆಚ್ಚು ಬೇಡ.

ಇಂಟರ್‌ನೆಟ್ಟಿನಲ್ಲಿ ಸಿಕ್ಕ ಮಗ್ಗಂ ವರ್ಕಿನ ಫೋಟೊಗಳನ್ನು ನಡುವೆ ಸೇರಿಸುವವರಿದ್ದಾರೆ. ಅದನ್ನೇ ತೋರಿಸಿ ಇದೇ ಬೇಕು ಎಂದು ಗಿರಾಕಿ ಬಂದಾಗ ಏನು ಮಾಡುವುದು? ಸ್ವಂತ ಕೈಯದ್ದಷ್ಟೇ ಇರಲಿ, ಅದೂ ಗಿರಾಕಿಯ ಬ್ಲೌಸಾದರೆ ಕೇಳಿಯೇ ಬಳಸಿ.

ವರಮಹಾಲಕ್ಷ್ಮಿ ಹಬ್ಬಕ್ಕೆ ನಾಲ್ಕು ವಾರ ಮೊದಲೇ ಇದನ್ನು ಹಾಕಬೇಕು. ಹಬ್ಬದ ವಾರ ಹಾಕಿದರೆ ಬಂದವರನ್ನು ವಾಪಸ್ ಕಳಿಸಬೇಕಾಗುತ್ತದೆ. ಎಷ್ಟು ಜನ ನೋಡಿದರು ಎಂಬ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಅಳತೆ ತೆಗೆಯುವಾಗ 'ಅಕ್ಕಾ, ಹೇಗೆ ಗೊತ್ತಾಯ್ತು ಅಂಗಡಿ?' ಎಂದು ಕೇಳಿ, ವಿಡಿಯೊ ನೋಡಿ ಬಂದವರಾದರೆ ಬಿಲ್ ಪುಸ್ತಕದ ಮೂಲೆಯಲ್ಲಿ 'ವಿ' ಎಂದು ಬರೆಯಿರಿ. ತಿಂಗಳ ಕೊನೆಗೆ ಆ ಗುರುತುಗಳನ್ನು ಎಣಿಸಿ. ಬಂದವರೆಲ್ಲ ಹಳೆಯ ಬ್ಲೌಸ್ ಬಿಚ್ಚಿಸಲು ಬಂದವರೇ ಆಗಿದ್ದು, ಹೊಸ ಪೀಸ್ ತಂದವರು ಒಬ್ಬರೂ ಇಲ್ಲದಿದ್ದರೆ, ಮುಂದಿನ ವಿಡಿಯೊದಲ್ಲಿ ಇಪ್ಪತ್ತೆರಡನೇ ಸೆಕೆಂಡಿನ ಸಾಲನ್ನು ಬದಲಿಸಿ: 'ಹೊಸ ಬ್ಲೌಸ್ ಪೀಸ್ ತನ್ನಿ, ಮೊದಲೇ ಬಿಟ್ಟು ಹೊಲಿದುಕೊಡ್ತೀನಿ.'