ಪಂಚೆಗೆ ಅಂಟಿದ ಉತ್ತರಾಣಿ

ಓದುಗರೊಬ್ಬರು ತಮ್ಮ ತಂಗಿಯ ರಿಪೋರ್ಟುಗಳನ್ನು ಕಳಿಸಿ ಒಂದು ಪ್ರಶ್ನೆ ಕೇಳಿದ್ದಾರೆ. ತಂಗಿಯದು ಬಿ ನೆಗೆಟಿವ್, ಗಂಡನದು ಬಿ ಪಾಸಿಟಿವ್, ಮೊದಲ ಬಸಿರು. ಶುರುವಿನಲ್ಲಿ ಐಸಿಟಿ ನೆಗೆಟಿವ್ ಇತ್ತು, 32ನೇ ವಾರದಲ್ಲಿ ಪಾಸಿಟಿವ್ ಬಂತು. ಹುಟ್ಟಿದ ಮಗು ಬಿ ಪಾಸಿಟಿವ್. ಅದಕ್ಕೆ ಡಿಸಿಟಿ ಮಾಡಿಸಿದರೆ ಅದೂ ಅಲ್ಪಸ್ವಲ್ಪ ಪಾಸಿಟಿವ್. ಮಗು ಮಾತ್ರ ಚೆನ್ನಾಗಿದೆ, ಕಾಮಾಲೆಯ ಸುಳಿವಿಲ್ಲ. 'ಅಮ್ಮನಿಗೊಂದು ಟೆಸ್ಟು, ಮಗುವಿಗೊಂದು ಟೆಸ್ಟು ಯಾಕೆ? ಇದರಲ್ಲಿ ಯಾವುದನ್ನು ನಂಬೋದು?'

ಎರಡನ್ನೂ ನಂಬಬಹುದು. ಆದರೆ ಎರಡೂ ಕೇಳುತ್ತಿರುವ ಪ್ರಶ್ನೆ ಬೇರೆ ಬೇರೆ.

ಹೊಲದ ಬದುವಿನ ಮೇಲೆ ನಡೆದು ಬಂದವರ ಪಂಚೆಯ ಅಂಚನ್ನು ನೋಡಿ. ಉತ್ತರಾಣಿ ಬೀಜ ಕಚ್ಚಿಕೊಂಡಿರುತ್ತದೆ. ಹಾಗೆ ಈಗಾಗಲೇ ಅಂಟಿದ್ದನ್ನು ಹುಡುಕುವುದು ಡಿಸಿಟಿ, ಅಂದರೆ ನೇರ ಕೂಂಬ್ಸ್ ಪರೀಕ್ಷೆ. ಹೊಲದಲ್ಲಿ ಉತ್ತರಾಣಿ ಇದೆಯೇ ಎಂದು ತಿಳಿಯಲು ಒಗೆದ ಬಟ್ಟೆಯೊಂದನ್ನು ಅಲ್ಲಿ ಎಳೆದಾಡಿಸಿ, ಆಮೇಲೆ ಅಂಚು ನೋಡುವುದು ಐಸಿಟಿ, ಪರೋಕ್ಷ ಪರೀಕ್ಷೆ. ಇಲ್ಲಿ ಬೀಜವೆಂದರೆ ಡಿ ಎಂಬ ರಕ್ತಗುಂಪಿನ ಗುರುತನ್ನು ಕಚ್ಚುವ ಪ್ರತಿಕಾಯ. ನೆಗೆಟಿವ್ ತಾಯಿಯ ಕೆಂಪು ಕಣಗಳಲ್ಲಿ ಆ ಗುರುತೇ ಇಲ್ಲ, ಹಾಗಾಗಿ ಪ್ರತಿಕಾಯ ಅವಳ ರಕ್ತದ ಸೀರಂನಲ್ಲಿ ಸುಮ್ಮನೆ ತೇಲುತ್ತಿರುತ್ತದೆ. ಮಾಸು ದಾಟಿ ಮಗುವಿಗೆ ಹೋದಾಗ ಕಚ್ಚಲು ಜಾಗ ಸಿಗುತ್ತದೆ. ಅದಕ್ಕೇ ತಾಯಿಯಲ್ಲಿ ಹೊಲ ಹುಡುಕಬೇಕು, ಮಗುವಿನಲ್ಲಿ ಪಂಚೆ.

ತೊಡಕು ಏನೆಂದರೆ, ಈ ಬೀಜ ಕಣ್ಣಿಗೆ ಕಾಣುವುದಿಲ್ಲ. ಕೆಂಪು ಕಣಗಳ ಮೈಮೇಲೆ ಋಣ ವಿದ್ಯುದಂಶವಿದ್ದು, ಸಲೈನಿನಲ್ಲಿ ಅವು ಒಂದನ್ನೊಂದು ದೂರ ತಳ್ಳುತ್ತವೆ. ಐಜಿಎಂ ಜಾತಿಯ ಪ್ರತಿಕಾಯ ದೊಡ್ಡದು, ಎರಡು ಕಣಗಳನ್ನು ಒಟ್ಟಿಗೆ ಹಿಡಿದು ಗಂಟು ಹಾಕಬಲ್ಲದು. ಮಾಸು ದಾಟುವ ಐಜಿಜಿಯ ತೋಳು ಗಿಡ್ಡ. ಒಂದು ಕಣವನ್ನು ಹಿಡಿದರೆ ಪಕ್ಕದ್ದು ಎಟುಕುವುದಿಲ್ಲ.

ಕೇಂಬ್ರಿಜ್‌ನ ರಾಬಿನ್ ಕೂಂಬ್ಸ್ ಓದಿದ್ದು ಪಶುವೈದ್ಯಕೀಯ. ಯುದ್ಧಕಾಲದ ಒಂದು ರಾತ್ರಿ, ಮಂದ ದೀಪದ ರೈಲಿನಲ್ಲಿ ಲಂಡನ್ನಿನಿಂದ ಮರಳುವಾಗ ಅವರಿಗೆ ದಾರಿ ಹೊಳೆಯಿತಂತೆ. ಪ್ರತಿಕಾಯವೂ ಒಂದು ಗ್ಲಾಬ್ಯುಲಿನ್ ಪ್ರೋಟೀನೇ ತಾನೆ? ಮನುಷ್ಯರ ಗ್ಲಾಬ್ಯುಲಿನ್ನನ್ನು ಮೊಲಕ್ಕೆ ಚುಚ್ಚಿದರೆ, ಅದನ್ನು ಹಿಡಿಯುವ ಪ್ರತಿಕಾಯವನ್ನು ಮೊಲವೇ ತಯಾರಿಸಿಕೊಡುತ್ತದೆ. ಆ ಮೊಲದ ಸೀರಂ ಎರಡು ಕಣಗಳ ಮೇಲಿನ ಐಜಿಜಿಗಳ ನಡುವೆ ಸೇತುವೆಯಾಗುತ್ತದೆ, ಕಣಗಳು ಗುಂಪುಗಟ್ಟುತ್ತವೆ. (ಉತ್ತರಾಣಿಯ ಹೋಲಿಕೆ ಇಲ್ಲಿಗೆ ಕೈಕೊಡುತ್ತದೆ, ಬಿಡಿ.) 1945ರಲ್ಲಿ ಮೌರಾಂಟ್ ಮತ್ತು ರೇಸ್ ಜೊತೆ ಇದನ್ನು ಪ್ರಕಟಿಸಿದಾಗ ಕೂಂಬ್ಸ್‌ಗೆ 24 ವರ್ಷ. ಇಟಲಿಯ ಕಾರ್ಲೊ ಮೊರೆಸ್ಕಿ 1908ರಲ್ಲೇ ಇದೇ ತತ್ತ್ವವನ್ನು ಬರೆದಿಟ್ಟಿದ್ದ ಸಂಗತಿ ಆಮೇಲೆ ತಿಳಿಯಿತು. ಆದರೂ ಹೆಸರು ಕೂಂಬ್ಸ್‌ಗೇ ಉಳಿಯಿತು.

ಲ್ಯಾಬಿನಲ್ಲಿ ತಾಯಿಯ ಸೀರಂ ಎರಡು ಹನಿ, ಡಿ ಗುರುತಿರುವ ಓ ಗುಂಪಿನ ಕಣಗಳ ತೆಳು ದ್ರಾವಣ ಒಂದು ಹನಿ, ಇಷ್ಟನ್ನು ಕೊಳವೆಗೆ ಹಾಕಿ 37 ಡಿಗ್ರಿಯಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ಬಿಡುತ್ತಾರೆ. ಆಮೇಲಿನದು ತೊಳೆಯುವ ಕೆಲಸ. ಸಲೈನ್ ತುಂಬಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲಿನ ನೀರು ಚೆಲ್ಲಿ, ಮೂರು ನಾಲ್ಕು ಸಲ. ಕೊನೆಗೆ ಮೊಲದ ಸೀರಂ, ಅಂದರೆ ಕೂಂಬ್ಸ್ ಸೀರಂ, ಹಾಕುತ್ತಾರೆ. ತೊಳೆಯುವಾಗ ಅವಸರ ಮಾಡಿದರೆ ಟೆಸ್ಟೇ ಕೆಡುತ್ತದೆ. ಮೊಲದ ಸೀರಂಗೆ ಕಣಕ್ಕೆ ಅಂಟಿದ ಗ್ಲಾಬ್ಯುಲಿನ್ನೂ ಒಂದೇ, ತೇಲುವ ಗ್ಲಾಬ್ಯುಲಿನ್ನೂ ಒಂದೇ. ಕೊಳವೆಯ ತಳದಲ್ಲಿ ತಾಯಿಯ ಸೀರಂ ಚೂರು ಉಳಿದರೂ ಸಾಕು, ಕೂಂಬ್ಸ್ ಸೀರಂ ಅದನ್ನೇ ಹಿಡಿದು ಮುಗಿದುಹೋಗುತ್ತದೆ. ಕಣಗಳ ಮೇಲೆ ಪ್ರತಿಕಾಯವಿದ್ದೂ ಉತ್ತರ 'ನೆಗೆಟಿವ್'. ಅದಕ್ಕೇ ಸರಿಯಾದ ಲ್ಯಾಬು ನೆಗೆಟಿವ್ ಬಂದ ಕೊಳವೆಯನ್ನು ಅಲ್ಲಿಗೇ ಬಿಡುವುದಿಲ್ಲ. ಐಜಿಜಿ ಬೇಕೆಂದೇ ಹಚ್ಚಿಟ್ಟ ಕಣಗಳನ್ನು ಒಂದು ಹನಿ ಹಾಕಿ ನೋಡುತ್ತದೆ. ಅವು ಗುಂಪುಗಟ್ಟಬೇಕು. ಗಟ್ಟದಿದ್ದರೆ ಕೂಂಬ್ಸ್ ಸೀರಂ ಕೆಲಸ ಮಾಡಿಲ್ಲವೆಂದೇ ಅರ್ಥ, ಮೊದಲಿಂದ ಮಾಡಬೇಕು. ಈಗ ಎಷ್ಟೋ ಕಡೆ ಬಳಸುವ ಜೆಲ್ ಕಾರ್ಡುಗಳಲ್ಲಿ ಈ ತೊಳೆಯುವ ರಗಳೆ ಇಲ್ಲ.

ಮಗುವಿನ ಡಿಸಿಟಿಯಲ್ಲಿ 37 ಡಿಗ್ರಿಯ ಕಾಯುವಿಕೆ ಬೇಡ. ಅಂಟುವ ಕೆಲಸ ಹೊಟ್ಟೆಯೊಳಗೇ ಆಗಿಹೋಗಿದೆ. ಕಣಗಳನ್ನು ತೊಳೆದು ನೇರವಾಗಿ ಕೂಂಬ್ಸ್ ಸೀರಂ ಹಾಕಿದರಾಯಿತು.

ಈಗ ತಂಗಿಯ ರಿಪೋರ್ಟಿಗೆ ಬರೋಣ. ಅದರಲ್ಲಿ 'ಟೈಟರ್ 2' ಎಂದಿದೆ. ಸೀರಂ ಅನ್ನು ಎರಡರಷ್ಟು, ನಾಲ್ಕರಷ್ಟು, ಎಂಟರಷ್ಟು ಹೀಗೆ ತೆಳುವಾಗಿಸುತ್ತ ಹೋಗಿ, ಕಣಗಳು ಎಲ್ಲಿಯವರೆಗೆ ಗುಂಪುಗಟ್ಟಿದವು ಎಂದು ನೋಡಿದ ಲೆಕ್ಕ ಅದು. ಸಾಮಾನ್ಯವಾಗಿ 16 ಅಥವಾ 32 ಮುಟ್ಟಿದರೆ ಮಗುವಿನ ರಕ್ತಹೀನತೆಗಾಗಿ ಡಾಪ್ಲರ್ ಸ್ಕ್ಯಾನ್ ಶುರುವಾಗುತ್ತದೆ. ಎರಡು ಎಂದರೆ ತೀರಾ ಕಡಿಮೆ. ಹಾಗಾದರೆ ಅದು ಬಂದದ್ದು ಎಲ್ಲಿಂದ? ಫೈಲಿನ ಹಿಂದಿನ ಹಾಳೆ ಮಗುಚಿದೆ. 28ನೇ ವಾರದಲ್ಲಿ ಆ್ಯಂಟಿ-ಡಿ ಇಂಜೆಕ್ಷನ್, 300 ಮೈಕ್ರೋಗ್ರಾಂ. ಆ ಇಂಜೆಕ್ಷನ್ನಿನಲ್ಲಿ ಇರುವುದೇ ಡಿಯನ್ನು ಕಚ್ಚುವ ಐಜಿಜಿ! ನಾಲ್ಕು ವಾರ ಕಳೆದ ಮೇಲೆ ಐಸಿಟಿ ಹಿಡಿದದ್ದು ಬಹುತೇಕ ಅದನ್ನೇ. ಅದರಲ್ಲೇ ಒಂದಿಷ್ಟು ಮಾಸು ದಾಟಿ ಮಗುವಿನ ಕಣಗಳಿಗೂ ಅಂಟಿ, ಡಿಸಿಟಿಯನ್ನು ಅಲ್ಪ ಪಾಸಿಟಿವ್ ಮಾಡಿದೆ. ಟೆಸ್ಟು ಸುಳ್ಳು ಹೇಳಿಲ್ಲ. ಈ ಪ್ರತಿಕಾಯ ತಾಯಿಯದ್ದೋ ಸಿರಿಂಜಿನದ್ದೋ ಎಂದು ಬೇರ್ಪಡಿಸಿ ಹೇಳುವ ಶಕ್ತಿ ಅದಕ್ಕಿಲ್ಲ, ಅಷ್ಟೇ. ಇಂಜೆಕ್ಷನ್ನಿನದ್ದು ಸುಮಾರು ಮೂರು ವಾರಕ್ಕೆ ಅರ್ಧವಾಗುತ್ತ ಕರಗುತ್ತದೆ. ದೇಹವೇ ತಯಾರಿಸುತ್ತಿದ್ದರೆ ಟೈಟರ್ ಏರುತ್ತದೆ. ಅದಕ್ಕೇ ಐಸಿಟಿಗೆ ಬೇಕಾದ ರಕ್ತವನ್ನು ಇಂಜೆಕ್ಷನ್ ಕೊಡುವ ಮುಂಚೆಯೇ ತೆಗೆಯಬೇಕು. ಆಮೇಲೆ ತೆಗೆದರೆ ಕೊಳವೆಯ ಚೀಟಿಯ ಮೇಲೆ ಇಂಜೆಕ್ಷನ್ನಿನ ತಾರೀಖನ್ನಾದರೂ ಬರೆಯಬೇಕು. ತಂಗಿಯ ಚೀಟಿಯಲ್ಲಿ ಯಾರೂ ಬರೆದಿರಲಿಲ್ಲ.