ಊರು ಕದಲಲಿಲ್ಲ, ರಾಜ್ಯ ಮಾತ್ರ ಬದಲಾಯಿತು

ಹೊಸಪೇಟೆಯಿಂದ ದಕ್ಷಿಣಕ್ಕೆ ಹೊರಟರೆ ಬೆಟ್ಟಗಳ ನಡುವಿನ ಕಣಿವೆಯಲ್ಲಿ ಸಂಡೂರು ಸಿಗುತ್ತದೆ. ಈಗ ಆ ಹೆಸರು ಕೇಳಿದರೆ ಅದಿರು, ಕೆಂಪು ಧೂಳು, ಸಾಲುಗಟ್ಟಿದ ಲಾರಿಗಳು ಕಣ್ಣಿಗೆ ಬರುತ್ತವೆ. 1947ರಲ್ಲಿ ಅದು ತಾಲ್ಲೂಕಲ್ಲ, ರಾಜ್ಯ. ವಿಸ್ತೀರ್ಣ ಸುಮಾರು 160 ಚದರ ಮೈಲಿ. ಆಳುತ್ತಿದ್ದವರು ಮರಾಠರಾದ ಘೋರ್ಪಡೆ ಮನೆತನದವರು, ಜನರ ಮಾತು ಬಹುಪಾಲು ಕನ್ನಡ, ಸುತ್ತ ನಾಲ್ಕೂ ದಿಕ್ಕಿಗೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಅಲ್ಲಿನ ಒಬ್ಬ ರೈತ ತನ್ನ ಹೊಲ ಬಿಟ್ಟು ಎಲ್ಲಿಗೂ ಹೋಗದೆ 1949ರಲ್ಲಿ ಮದ್ರಾಸಿನವನಾದ, 1953ರಲ್ಲಿ ಮೈಸೂರಿನವನಾದ. ಮೊದಲ ಬದಲಾವಣೆ ರಾಜರ ಕಥೆ, ಎರಡನೆಯದು ಭಾಷೆಯ ಕಥೆ. ಮೊದಲನೆಯದು ಆಗದಿದ್ದರೆ ಎರಡನೆಯದಕ್ಕೆ ದಾರಿಯೇ ಇರುತ್ತಿರಲಿಲ್ಲ.

ಬ್ರಿಟಿಷರು ಹೊರಡುವಾಗ ದೇಶದಲ್ಲಿ 560ಕ್ಕೂ ಹೆಚ್ಚು ಸಂಸ್ಥಾನಗಳಿದ್ದವು. ಅವುಗಳ ಮೇಲೆ ಬ್ರಿಟಿಷ್ ದೊರೆತನಕ್ಕಿದ್ದ ಪರಮಾಧಿಕಾರವನ್ನು ಭಾರತ ಸರ್ಕಾರಕ್ಕೆ ವಹಿಸಿಕೊಡಲಿಲ್ಲ, ಹಾಗೆಯೇ ಕೊನೆಗೊಳಿಸಿದರು. ಆಗಸ್ಟ್ 15ಕ್ಕೆ ಕಾನೂನಿನ ಪ್ರಕಾರ ಪ್ರತಿಯೊಬ್ಬ ರಾಜನೂ ಸ್ವತಂತ್ರ. ರೈಲು ಒಂದು ಊರಿನಿಂದ ಇನ್ನೊಂದಕ್ಕೆ ಹೋಗುವಾಗ ನಾಲ್ಕಾರು ಸಂಸ್ಥಾನಗಳನ್ನು ಹಾದುಹೋಗುತ್ತಿದ್ದ ದೇಶದಲ್ಲಿ ಇದರ ಅರ್ಥ ಏನೆಂದು ಊಹಿಸಿಕೊಳ್ಳಿ. ಜುಲೈ ಮೊದಲ ವಾರ ಸರ್ದಾರ್ ಪಟೇಲರ ಕೈಕೆಳಗೆ ಸಂಸ್ಥಾನಗಳ ಇಲಾಖೆ ಶುರುವಾಯಿತು. ಅದರ ಕಾರ್ಯದರ್ಶಿ ವಿ.ಪಿ. ಮೆನನ್. ಕೈಯಲ್ಲಿದ್ದದ್ದು ಆರು ವಾರ.

ಆರು ವಾರದಲ್ಲಿ ರಾಜರಿಂದ ರಾಜ್ಯ ಕೇಳಿದರೆ ಯಾರೂ ಕೊಡುವುದಿಲ್ಲ. ಆದ್ದರಿಂದ ಕೇಳಿದ್ದು ಬಹಳ ಕಡಿಮೆ: ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ. ಈ ಮೂರನ್ನು ಬಿಟ್ಟುಕೊಟ್ಟು ಸೇರ್ಪಡೆ ಪತ್ರಕ್ಕೆ ಸಹಿ ಹಾಕಿದರೆ ಉಳಿದದ್ದೆಲ್ಲ ರಾಜನದೇ. ಮುಂದೆ ಬರುವ ಸಂವಿಧಾನವನ್ನು ಒಪ್ಪಲೇಬೇಕೆಂಬ ಕಟ್ಟುಪಾಡೂ ಇಲ್ಲವೆಂದು ಪತ್ರದಲ್ಲೇ ಬರೆದಿತ್ತು. ಈ ಮೂರನ್ನೂ ರಾಜರು ಅದಾಗಲೇ ಬ್ರಿಟಿಷರಿಗೆ ಬಿಟ್ಟುಕೊಟ್ಟವರೇ, ಹೊಸದಾಗಿ ಕಳೆದುಕೊಳ್ಳುವುದು ಏನೂ ಇರಲಿಲ್ಲ. ಮೈಸೂರಿನ ಜಯಚಾಮರಾಜ ಒಡೆಯರು ಆಗಸ್ಟ್ 15ಕ್ಕೆ ಮುಂಚೆಯೇ ಸಹಿ ಹಾಕಿದರು. ಹೈದರಾಬಾದ್, ಕಾಶ್ಮೀರ, ಜುನಾಗಢ ಬಿಟ್ಟರೆ ಹೆಚ್ಚುಕಡಿಮೆ ಎಲ್ಲರೂ ಹಾಕಿದರು.

ಆದರೆ ಸಹಿ ರಾಜನದು, ಜನರದಲ್ಲ. ಮೈಸೂರಿನಲ್ಲಿ ಇದು ತಕ್ಷಣ ಬಯಲಾಯಿತು. ದೆಹಲಿಯಲ್ಲಿ ಸ್ವಾತಂತ್ರ್ಯ ಬಂದರೂ ಬೆಂಗಳೂರಿನಲ್ಲಿ ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ ಅವರ ಆಡಳಿತವೇ ಮುಂದುವರಿಯಿತು. ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ಶುರುವಾಗಿ ಜೈಲುಗಳು ತುಂಬಿದವು. ಅಕ್ಟೋಬರ್ ಕೊನೆಗೆ ಕೆ.ಸಿ. ರೆಡ್ಡಿ ಅವರ ಜವಾಬ್ದಾರಿ ಸರ್ಕಾರ ಬಂತು. ಪಟೇಲರ ಮಾತಿನ ಹಿಂದೆ ಇದ್ದ ಬಲ ಇದೇ. ರಾಜನಿಗೆ ತನ್ನ ಬಾಗಿಲಲ್ಲೇ ಪ್ರಜೆಗಳ ಕೂಗು ಕೇಳಿಸುತ್ತಿತ್ತು.

ಮೈಸೂರು ತನ್ನ ಕಾಲ ಮೇಲೆ ನಿಲ್ಲಬಲ್ಲ ರಾಜ್ಯ. ಸಂಡೂರಿನಂಥ ಅಂಗೈ ಅಗಲದ ಸಂಸ್ಥಾನಕ್ಕೆ ಶಾಸನಸಭೆ, ಹೈಕೋರ್ಟು, ಪೊಲೀಸು ಎಲ್ಲ ಕಟ್ಟಿಕೊಟ್ಟು ನಡೆಸುವುದು ಹೇಗೆ? ಇಲ್ಲಿ ಎರಡನೆಯ ಪತ್ರ ಬಂತು, ವಿಲೀನ ಒಪ್ಪಂದ. 1947ರ ಡಿಸೆಂಬರ್‌ನಲ್ಲಿ ಪಟೇಲರೂ ಮೆನನ್ನರೂ ಕಟಕ್‌ಗೆ ಹೋಗಿ ಒರಿಸ್ಸಾದ ಸಣ್ಣ ರಾಜರನ್ನು ಕೂರಿಸಿಕೊಂಡು ಇದನ್ನು ಮೊದಲು ಮಾಡಿಸಿದರು. ಮೂರು ವಿಷಯದ ಮಾತು ಅಲ್ಲಿಗೆ ಮುಗಿಯಿತು. ರಾಜ ಇಡೀ ಆಡಳಿತ ಬಿಟ್ಟುಕೊಡಬೇಕು, ಬದಲಿಗೆ ವರ್ಷವರ್ಷವೂ ರಾಜಧನ. ಅದಕ್ಕೊಂದು ಲೆಕ್ಕವಿತ್ತು. ಸಂಸ್ಥಾನದ ವಾರ್ಷಿಕ ಆದಾಯದ ಮೊದಲ ಒಂದು ಲಕ್ಷಕ್ಕೆ ಶೇಕಡಾ 15, ಮುಂದಿನ ನಾಲ್ಕು ಲಕ್ಷಕ್ಕೆ ಶೇಕಡಾ 10, ಅದರಾಚೆಗೆ ಏಳೂವರೆ. ಐದು ಲಕ್ಷ ಆದಾಯದ ರಾಜನಿಗೆ 55,000 ರೂಪಾಯಿ ಸಿಕ್ಕಿತು. ಪದವಿ, ಅರಮನೆ, ಸ್ವಂತ ಆಸ್ತಿ ಉಳಿದವು. ದೊಡ್ಡವರಿಗೆ ಈ ಲೆಕ್ಕ ಹಿಡಿಸಲಿಲ್ಲ, ಅವರದು ಬೇರೆ ಚೌಕಾಸಿ. ಮೈಸೂರಿನ ಮಹಾರಾಜರಿಗೆ 26 ಲಕ್ಷವೆಂದು ಗೊತ್ತಾಯಿತು.

ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು 1948ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿದವು. ಸಂಡೂರು ಮರುವರ್ಷ ಮದ್ರಾಸಿಗೆ ಸೇರಿತು. ಯಾಕೆ ಮದ್ರಾಸಿಗೆ? ಸುತ್ತ ಇದ್ದದ್ದು ಮದ್ರಾಸು, ಅಷ್ಟೇ. ವಿಲೀನದ ಹೊತ್ತಿನಲ್ಲಿ ಯಾರ ಮಾತು ಯಾವುದು ಎಂದು ಕೇಳಲು ಪುರುಸೊತ್ತಿರಲಿಲ್ಲ. ಹೈದರಾಬಾದಿನಲ್ಲಿ 1948ರ ಸೆಪ್ಟೆಂಬರ್‌ನಲ್ಲಿ ಸೇನೆ ನುಗ್ಗಿ ಐದು ದಿನದಲ್ಲಿ ನಿಜಾಮನ ಪಡೆ ಶರಣಾದ ಮೇಲೂ ತೆಲುಗು, ಮರಾಠಿ, ಕನ್ನಡ ಮೂರೂ ಸೇರಿದ ಆ ರಾಜ್ಯವನ್ನು ಇಡಿಯಾಗಿಯೇ ಉಳಿಸಿಕೊಂಡರು. ನಿಜಾಮನೇ ರಾಜಪ್ರಮುಖನಾದ.

ಅಂದರೆ ಗಣರಾಜ್ಯ ಬಂದ ದಿನ ನಕ್ಷೆಯಲ್ಲಿದ್ದ ಗೆರೆಗಳು ಬಹುಪಾಲು ಹಳೆಯ ಯುದ್ಧಗಳು ಎಳೆದವು. ಬಳ್ಳಾರಿಯನ್ನೇ ನೋಡಿ. ಟಿಪ್ಪುವಿನಿಂದ ನಿಜಾಮನ ಪಾಲಿಗೆ ಬಂತು. ತನ್ನ ರಕ್ಷಣೆಗೆ ನಿಂತ ಕಂಪನಿಯ ಸೈನ್ಯದ ಖರ್ಚಿಗೆಂದು ನಿಜಾಮ 1800ರಲ್ಲಿ ಅದನ್ನು ಕಂಪನಿಗೆ ಬಿಟ್ಟುಕೊಟ್ಟ, ಕಂಪನಿ ಮದ್ರಾಸಿಗೆ ಹಚ್ಚಿತು. ಧಾರವಾಡ 1818ರಲ್ಲಿ ಪೇಶ್ವೆ ಸೋತಾಗ ಮುಂಬಯಿ ಕಡೆಗೆ ಹೋಯಿತು. ಹೀಗಾಗಿ ಮೈಸೂರು ಮತ್ತು ಕೊಡಗು ಬಿಟ್ಟರೆ ಕನ್ನಡಿಗ ಎಲ್ಲಿದ್ದರೂ ಅಂಚಿನಲ್ಲಿದ್ದ. ಮುಂಬಯಿ ಪ್ರಾಂತ್ಯದಲ್ಲಿ ನಾಲ್ಕು ಜಿಲ್ಲೆ, ಹೈದರಾಬಾದಿನಲ್ಲಿ ಮೂರು, ಮದ್ರಾಸಿನಲ್ಲಿ ಎರಡು. ಗುಲ್ಬರ್ಗದವನಿಗೆ ಸರ್ಕಾರಿ ಕಾಗದ ಉರ್ದುವಿನಲ್ಲಿ ಬರುತ್ತಿತ್ತು. ಭಾಷಾವಾರು ರಾಜ್ಯವೆಂದರೆ ಅಭಿಮಾನದ ಮಾತು ಎಂದು ಈಗ ಅನ್ನಿಸುತ್ತದೆ, ಅಭಿಮಾನವೂ ಇತ್ತು ನಿಜ. ಆದರೆ ಅಮಲ್ದಾರರ ಕಚೇರಿಯಲ್ಲಿ ತನ್ನ ಅರ್ಜಿ ತಾನೇ ಓದಿಕೊಳ್ಳುವ ಆಸೆ ಅದಕ್ಕಿಂತ ಹಳೆಯದು.

ಕಾಂಗ್ರೆಸ್ಸು 1920ರಲ್ಲೇ ತನ್ನ ಪ್ರಾಂತ ಸಮಿತಿಗಳನ್ನು ಭಾಷೆಯ ಮೇಲೆ ಕಟ್ಟಿಕೊಂಡು, ಸ್ವರಾಜ್ಯ ಬಂದರೆ ಪ್ರಾಂತಗಳೂ ಹಾಗೆಯೇ ಎಂಬ ಆಸೆ ಹುಟ್ಟಿಸಿತ್ತು. ಸ್ವರಾಜ್ಯ ಬಂತು, ಜೊತೆಗೆ ದೇಶ ಒಡೆದಿತ್ತು. 1948ರಲ್ಲಿ ದಾರ್ ಆಯೋಗ ಭಾಷೆಯೊಂದನ್ನೇ ಆಧಾರವಾಗಿಟ್ಟುಕೊಂಡು ರಾಜ್ಯ ಮಾಡುವುದು ಬೇಡ ಎಂದಿತು. ನೆಹರೂ, ಪಟೇಲ್, ಪಟ್ಟಾಭಿ ಸೀತಾರಾಮಯ್ಯ ಮೂವರ ಸಮಿತಿಯೂ ಸದ್ಯಕ್ಕೆ ಬೇಡ ಎಂದು ಮುಂದೆ ಹಾಕಿತು, ಆಂಧ್ರದ ಮಟ್ಟಿಗೆ ಮಾತ್ರ ಬಾಗಿಲು ಸ್ವಲ್ಪ ತೆರೆದಿಟ್ಟು. ನಾಡು ಒಗ್ಗೂಡಿಸಲು ಹೊರಟ ಪಟೇಲರಿಗೆ ಆಗಷ್ಟೇ ಕೂಡಿಸಿದ್ದನ್ನು ಮತ್ತೆ ಕತ್ತರಿಸುವುದು ಇಷ್ಟವಿರಲಿಲ್ಲ, ಅದರಲ್ಲಿ ಅಚ್ಚರಿಯೂ ಇಲ್ಲ. ಅವರು ತೀರಿಕೊಂಡದ್ದು 1950ರ ಡಿಸೆಂಬರ್ 15ರಂದು. ಸರಿಯಾಗಿ ಎರಡು ವರ್ಷದ ನಂತರ, ಅದೇ ತಾರೀಖಿನಂದು, ಆಂಧ್ರ ರಾಜ್ಯಕ್ಕಾಗಿ ಉಪವಾಸ ಕೂತಿದ್ದ ಪೊಟ್ಟಿ ಶ್ರೀರಾಮುಲು ಮದ್ರಾಸಿನಲ್ಲಿ ಕಣ್ಣುಮುಚ್ಚಿದರು. ತೆಲುಗು ಜಿಲ್ಲೆಗಳು ಹೊತ್ತಿ ಉರಿದವು. ನಾಲ್ಕು ದಿನಕ್ಕೆ ನೆಹರೂ ಆಂಧ್ರ ರಾಜ್ಯ ಘೋಷಿಸಿದರು.

ಅಲ್ಲಿಂದ ಪ್ರಶ್ನೆ ತಾಲ್ಲೂಕಿಗೆ ಇಳಿಯಿತು. ಸಂಡೂರನ್ನೂ ಸೇರಿಸಿ ಬಳ್ಳಾರಿ ಜಿಲ್ಲೆಯಲ್ಲಿ ಹತ್ತು ತಾಲ್ಲೂಕು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಹೊಸಪೇಟೆ, ಸಿರುಗುಪ್ಪ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಸಂಡೂರು ಮೈಸೂರಿಗೆ. ಬಳ್ಳಾರಿ ತಾಲ್ಲೂಕು ಒಂದೇ ಬಗೆಹರಿಯಲಿಲ್ಲ, ಪಟ್ಟಣದಲ್ಲಿ ಕನ್ನಡವೂ ತೆಲುಗೂ ಅಷ್ಟು ಬೆರೆತಿದ್ದವು. ಗೆರೆ ಎಳೆಯುವವನ ಕಷ್ಟ ಇಲ್ಲಿರುವುದು. ಮನೆಯಲ್ಲಿ ಒಂದು, ಅಂಗಡಿಯಲ್ಲಿ ಇನ್ನೊಂದು ಮಾತಾಡುವವನು ಜನಗಣತಿಯವನಿಗೆ ಒಂದೇ ಮಾತೃಭಾಷೆ ಹೇಳಬೇಕು. ನ್ಯಾಯಮೂರ್ತಿ ಮಿಶ್ರ ಅವರನ್ನು ಕಳಿಸಿದರು, ಅವರ ವರದಿಯ ಮೇಲೆ ಬಳ್ಳಾರಿ ತಾಲ್ಲೂಕೂ ಮೈಸೂರಿಗೆ ಬಂತು. 1953ರ ಅಕ್ಟೋಬರ್ 1ರಂದು ಆಂಧ್ರ ಹುಟ್ಟಿದ ದಿನವೇ ಸಂಡೂರಿನ ರೈತ ಮೈಸೂರಿನವನಾದ.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಆಂಧ್ರಕ್ಕೆ ಕೊಟ್ಟ ಮೇಲೆ ಬೇರೆಯವರನ್ನು ಸುಮ್ಮನಿರಿಸುವುದು ಹೇಗೆ? ಆ ವರ್ಷದ ಕೊನೆಗೆ ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ.ಎಂ. ಪಣಿಕ್ಕರ್ ಇವರ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಮನವಿಗಳು ಬಂದವು. 104 ಕಡೆ ಸುತ್ತಿ 9,000ಕ್ಕೂ ಹೆಚ್ಚು ಜನರ ಮಾತು ಕೇಳಿದರು. ಹಳೆ ಮೈಸೂರಿನಲ್ಲಿ ಏಕೀಕರಣ ಬೇಡವೆನ್ನುವ ಪ್ರಬಲ ಗುಂಪೇ ಇತ್ತು. ವಿದ್ಯುತ್ತು, ಕಾರ್ಖಾನೆ, ಶಾಲೆ ಇದ್ದ ತಮ್ಮ ರಾಜ್ಯದ ಹಣ ಬಡ ಜಿಲ್ಲೆಗಳಿಗೆ ಹರಿದೀತು, ಉತ್ತರದ ಲಿಂಗಾಯತರ ಸಂಖ್ಯೆ ಕೂಡಿಕೊಂಡರೆ ಒಕ್ಕಲಿಗರ ಹಿಡಿತ ಸಡಿಲವಾದೀತು ಎಂಬ ಅಂಜಿಕೆ. ಒಕ್ಕಲಿಗರೇ ಆದ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಇದಕ್ಕೆ ಸೊಪ್ಪು ಹಾಕದೆ ಏಕೀಕರಣದ ಪರ ನಿಂತರು. ಎರಡು ಕನ್ನಡ ರಾಜ್ಯದ ವಾದವನ್ನು ಆಯೋಗ ತಳ್ಳಿಹಾಕಿತು.

ಆದರೆ ಅದೇ ವರದಿ ಬಳ್ಳಾರಿಯ ಮುಗಿದ ವ್ಯಾಜ್ಯವನ್ನು ಮತ್ತೆ ಕೆದಕಿತು. ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳೂ ಮಲ್ಲಾಪುರದ ಸ್ವಲ್ಪ ಭಾಗವೂ ಆಂಧ್ರಕ್ಕೆ ಹೋಗಲಿ ಎಂದಿತು. ಭಾಷೆ ಇಲ್ಲಿ ಹಿಂದಕ್ಕೆ ಸರಿದು ನೀರು ಮುಂದೆ ಬಂದಿತ್ತು. ಮಲ್ಲಾಪುರದ ಬಳಿ ತುಂಗಭದ್ರಾ ಅಣೆಕಟ್ಟು ಎದ್ದಿತ್ತು, ಅದರ ಕಾಲುವೆಯ ನೀರಿಗೆ ರಾಯಲಸೀಮೆ ಕಾದು ಕೂತಿತ್ತು. ಹಾಗೆ ಆಗಿದ್ದರೆ ಸಂಡೂರು ಮೈಸೂರಿನಲ್ಲಿ, ಸಂಡೂರಿನವರು ಸಂತೆಗೂ ರೈಲಿಗೂ ಹೋಗುವ ಊರುಗಳು ಆಂಧ್ರದಲ್ಲಿ! ಕನ್ನಡಿಗರು ಸಿಡಿದೆದ್ದರು. ಕೇಂದ್ರ ಆ ಶಿಫಾರಸು ಬಿಟ್ಟು 1953ರ ಗೆರೆಯನ್ನೇ ಉಳಿಸಿತು. ನೀರಿಗೆ ಹೊಸ ಗೆರೆ ಬೇಕಾಗಲಿಲ್ಲ, 1953ರಲ್ಲೇ ರಚನೆಯಾಗಿದ್ದ ತುಂಗಭದ್ರಾ ಮಂಡಳಿ ಅಣೆಕಟ್ಟನ್ನು ನೋಡಿಕೊಂಡಿತು.

1956ರ ನವೆಂಬರ್ 1ರಂದು ಹೈದರಾಬಾದ್ ಮೂರು ಪಾಲಾಯಿತು. ತೆಲಂಗಾಣದ ಜೊತೆಗಿರಲಿ ಎಂದು ಆಯೋಗ ಹೇಳಿದ್ದ ಬೀದರನ್ನು ತಾಲ್ಲೂಕು ತಾಲ್ಲೂಕಾಗಿ ಬಿಡಿಸಿ ಮೂರು ಕಡೆಗೆ ಹಂಚಿದರು. ಕಾಸರಗೋಡು ಕೇರಳಕ್ಕೆ ಹೋಯಿತು, ಆ ನೋವು ಇನ್ನೂ ಆರಿಲ್ಲ. ರಾಜಪ್ರಮುಖ ಎಂಬ ಹುದ್ದೆಯೇ ರದ್ದಾಗಿ ಜಯಚಾಮರಾಜ ಒಡೆಯರು ರಾಜ್ಯಪಾಲರಾದರು. ದೊಡ್ಡದಾದ ರಾಜ್ಯಕ್ಕೆ ಹೆಸರು ಮಾತ್ರ ಹಳೆಯ ಸಂಸ್ಥಾನದ್ದೇ, ಮೈಸೂರು.

ಆ ಹೆಸರು ಕರ್ನಾಟಕವಾಗಲು ಇನ್ನೂ 17 ವರ್ಷ ಬೇಕಾಯಿತು. ಅಷ್ಟರಲ್ಲಿ, 1971ರಲ್ಲಿ, ಸಂವಿಧಾನ ತಿದ್ದಿ ರಾಜಧನವನ್ನೂ ನಿಲ್ಲಿಸಿದ್ದರು. 1973ರ ನವೆಂಬರ್ 1ರಂದು ದೇವರಾಜ ಅರಸರ ಸಂಪುಟದಲ್ಲಿ ರಾಜ್ಯದ ಖಜಾನೆ ನೋಡಿಕೊಳ್ಳುತ್ತಿದ್ದ ಹಣಕಾಸು ಮಂತ್ರಿ ಎಂ.ವೈ. ಘೋರ್ಪಡೆ. ಸಂಡೂರಿನ ಕೊನೆಯ ದೊರೆಯ ಮಗ, ಅದೇ ಸಂಡೂರಿನ ಜನರಿಂದ ಓಟು ಕೇಳಿ ಗೆದ್ದು ಬಂದವರು.