ಮುಂಗಡ ಕೊಟ್ಟ ರವಿಕೆ

ಮದುವೆಯ ರವಿಕೆಗೆ ಆರಿ ವರ್ಕ್ ಮಾಡಿಸಲು ಕೊಟ್ಟಾಗ ಅಂಗಡಿಯವರು ವಾಟ್ಸ್‌ಆ್ಯಪ್‌ನಲ್ಲಿ ‘ಅಡ್ವಾನ್ಸ್ ವಾಪಸ್ ಇಲ್ಲ’ ಎಂದು ಒಂದೇ ಸಾಲು ಕಳಿಸಿ ಸುಮ್ಮನಾಗುತ್ತಾರೆ. ಜಗಳ ಹುಟ್ಟುವುದೇ ಅಲ್ಲಿ. ಯಾವ ಹಂತದಲ್ಲಿ ಎಷ್ಟು ಹಣ ಖರ್ಚಾಗುತ್ತದೆ ಎಂಬುದು ಆ ಸಾಲಿನಲ್ಲಿ ಇರುವುದಿಲ್ಲ.

ಆರಿ ಕೆಲಸದ ಕ್ರಮವನ್ನು ನೋಡಿದರೆ ಇದು ಅರ್ಥವಾಗುತ್ತದೆ. ಅಳತೆ ತೆಗೆದುಕೊಂಡ ಮೇಲೆ ಬಟ್ಟೆಯನ್ನು ಕತ್ತರಿಸುವುದಿಲ್ಲ. ಕುತ್ತಿಗೆ, ತೋಳು, ಬೆನ್ನಿನ ಆಕಾರಗಳನ್ನು ಅದರ ಮೇಲೆ ಗುರುತು ಹಾಕಿ, ಡಿಸೈನ್ ಅಚ್ಚಿಳಿಸಿ, ಚೌಕಟ್ಟಿಗೆ ಬಿಗಿದು ಕಸೂತಿ ಮಾಡುತ್ತಾರೆ. ಕಟಿಂಗ್, ಹೊಲಿಗೆ ಆಮೇಲೆ. ಕಸೂತಿಯವರು ಬಹಳ ಸಲ ಅಂಗಡಿಯ ನೌಕರರಲ್ಲ, ಹೊರಗೆ ಕೂತು ಪೀಸಿನ ಲೆಕ್ಕದಲ್ಲಿ ಕೆಲಸ ಮಾಡುವವರು. ಗಿರಾಕಿ ಬೇಡವೆಂದರೂ ಅವರ ಕೂಲಿಯನ್ನು ಅಂಗಡಿ ಕೊಡಲೇಬೇಕು. ನಿಮ್ಮ ಅಳತೆಗೆ, ನಿಮ್ಮ ಸೀರೆಯ ಬಣ್ಣಕ್ಕೆ ಆದ ರವಿಕೆಯನ್ನು ಬೇರೆಯವರಿಗೆ ಮಾರಲೂ ಆಗದು.

ಹಾಗಾಗಿ ಒಳ್ಳೆಯ ಸಂದೇಶ ಹೀಗಿರಬೇಕು:

“ನಮಸ್ಕಾರ ಮೇಡಂ. ನಿಮ್ಮ ರವಿಕೆಗೆ ಒಟ್ಟು 6,000 ರೂಪಾಯಿ: ಆರಿ ವರ್ಕ್ 4,500, ಲೈನಿಂಗ್ ಮತ್ತು ಹೊಲಿಗೆ 1,500. ಮುಂಗಡ 3,000. ಗುರುತು ಹಾಕುವ ಮೊದಲು ಬೇಡವೆಂದರೆ ಪೂರ್ತಿ ವಾಪಸ್ ಕೊಡುತ್ತೇವೆ. ವರ್ಕ್ ಶುರುವಾದ ಮೇಲೆ ಆದಷ್ಟು ಕೆಲಸದ ಹಣ ಹಿಡಿದು ಉಳಿದದ್ದು ಕೊಡುತ್ತೇವೆ. ಬಟ್ಟೆ ಯಾವಾಗಲೂ ನಿಮ್ಮದೇ. ತಪ್ಪು ನಮ್ಮದಾದರೆ ಸರಿಪಡಿಸಿ ಕೊಡುತ್ತೇವೆ, ಆಗದಿದ್ದರೆ ಹಣ ವಾಪಸ್.”

ಅರ್ಧ ವರ್ಕ್ ಆದಾಗ ಮದುವೆ ಮುಂದಕ್ಕೆ ಹೋಗಿ ರವಿಕೆ ಬೇಡವಾಯಿತು ಅನ್ನಿ. ಅಂಗಡಿ 2,250 ಹಿಡಿದು 750 ರೂಪಾಯಿ ಮತ್ತು ಬಟ್ಟೆಯನ್ನು ಕೊಡಬೇಕು. ಚೌಕಟ್ಟಿನ ಫೋಟೋ ಕಳಿಸಿ ಎಂದು ಕೇಳಿದರೆ ಕೆಲಸ ಎಷ್ಟಾಗಿದೆ ಎಂದು ಕಣ್ಣಿಗೇ ಕಾಣುತ್ತದೆ. ಒಪ್ಪಂದ ಮುರಿದಾಗ ಇಂತಿಷ್ಟು ಎಂದು ಮೊದಲೇ ಬರೆದಿದ್ದರೂ, ಅದರ ಮಿತಿಯೊಳಗೆ ನ್ಯಾಯವಾದ ಪರಿಹಾರವಷ್ಟೇ ಸಿಗಬೇಕೆಂಬುದು 1872ರ ಒಪ್ಪಂದ ಕಾಯ್ದೆಯ 74ನೇ ಸೆಕ್ಷನ್ನಿನ ಆಶಯ.

ಅಂಗಡಿಯ ತಪ್ಪಿಗೆ ಆ ಒಂದು ಸಾಲಿನ ಕಾವಲು ಇಲ್ಲ. ಕೆಲಸದಲ್ಲಿ ಲೋಪವಿದ್ದೂ ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ಹಣ ಹಿಂದಿರುಗಿಸಲು ಒಪ್ಪದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ಬಿಲ್ ಕೊಡದಿರುವುದೂ ಅದರಲ್ಲೇ ಸೇರಿದೆ.

ತಪ್ಪು ಯಾರದು ಎಂಬುದನ್ನು ತೀರ್ಮಾನಿಸುವುದು ಅಳತೆ ಚೀಟಿ. ಅದರಲ್ಲಿ ತೋಳು 11 ಇಂಚು ಎಂದಿದ್ದು ರವಿಕೆ 10 ಬಂದರೆ ಹೊಣೆ ಅಂಗಡಿಯದು. ಚೀಟಿಯಂತೆಯೇ ಹೊಲಿದು, ಅಷ್ಟರಲ್ಲಿ ಮೈ ತುಂಬಿಕೊಂಡಿದ್ದರೆ ಆಲ್ಟರೇಶನ್ ಖರ್ಚು ಗಿರಾಕಿಯದು. ಒಳಗೆ ಬಟ್ಟೆ ಬಿಟ್ಟಿದ್ದರೆ ಪಕ್ಕದ ಹೊಲಿಗೆ ಬಿಚ್ಚಬಹುದು. ಆದರೆ ತೋಳಿನ ಸುತ್ತಲೂ ಕಸೂತಿ ಬಂದಿದ್ದರೆ, ಬಿಚ್ಚಿದ ಕಡೆ ವರ್ಕ್ ಇಲ್ಲದ ಪಟ್ಟಿ ಎದ್ದು ಕಾಣುತ್ತದೆ. ಅಳತೆ ಚೀಟಿಯ ಫೋಟೋವನ್ನು ಮುಂಗಡ ಕೊಡುವ ದಿನವೇ ತೆಗೆದಿಟ್ಟುಕೊಳ್ಳಿ.